ಅಪ್ಪನ ಹೊಲದ ಲೆಕ್ಕ ಬರೆದು ಬೆಳೆ ಸಾಲ ತಗೊಂಡ ಕಥೆ

ಅಪ್ಪನ ಹೆಸರಿನ ಬೆಳೆ ಸಾಲ ಕಡೆಗೂ ಮಂಜೂರಾಯ್ತು. 2024ರ ಬೇಸಿಗೆಯಲ್ಲಿ ಕೇಳಿದ್ದು, ಕೈಗೆ ಬಂದದ್ದು 2025ರ ಮುಂಗಾರಿನಲ್ಲಿ. ನಡುವಿನ ಒಂದು ವರ್ಷ ಹೊಲದ ಆದಾಯ ಖರ್ಚಿನ ಲೆಕ್ಕ ಬರೆದವಳು ನಾನು. ಇದೇ ದಾರಿಯಲ್ಲಿ ಹೊರಟವರಿಗೆ ಸ್ವಲ್ಪ ಓಡಾಟ ತಪ್ಪಲಿ ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮದು ಹಾವೇರಿ ಜಿಲ್ಲೆ. ಒಟ್ಟು ಆರು ಎಕರೆ, ಎರಡು ಸರ್ವೆ ನಂಬರ್. ನಾಲ್ಕು ಎಕರೆ ಮಳೆಯಾಶ್ರಿತ, ಅಲ್ಲಿ ಪ್ರತಿ ಮುಂಗಾರಿಗೂ ಗೋವಿನಜೋಳ. ಇನ್ನೆರಡು ಎಕರೆಗೆ ಬೋರ್‌ವೆಲ್ ನೀರಿದೆ, ಅಲ್ಲಿ ಬ್ಯಾಡಗಿ ಮೆಣಸಿನಕಾಯಿ. ಅಲ್ಲಿಯವರೆಗೆ ಊರಿನ ಸೊಸೈಟಿಯಲ್ಲಿ ಚಿಕ್ಕ ಸಾಲ ಇತ್ತು. ಬಡ್ಡಿ ಇಲ್ಲದ ಸಾಲ, ಅದಕ್ಕಿಂತ ಅಗ್ಗದ್ದು ಯಾವುದೂ ಇಲ್ಲ ನಿಜ. ಆದರೆ ಅಲ್ಲಿ ಸಿಗುತ್ತಿದ್ದ ದುಡ್ಡಿನಲ್ಲಿ ಮೆಣಸಿನಕಾಯಿ ಹೊಲದ ಗೊಬ್ಬರವೂ ಮುಗಿಯುತ್ತಿರಲಿಲ್ಲ. ಉಳಿದದ್ದಕ್ಕೆ ದಲಾಲರ ಅಂಗಡಿಯೇ ಗತಿ. ಜೂನ್‌ನಲ್ಲಿ ಮುಂಗಡ ತರುವುದು, ಮಾಲು ಹಾಕಿದಾಗ ಬಡ್ಡಿ ಸಮೇತ ಮುರಿದುಕೊಳ್ಳುವುದು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ.

ಪಕ್ಕದ ಊರಿನ ಬ್ಯಾಂಕಿಗೆ ಹೋದಾಗ ಮ್ಯಾನೇಜರ್ ಇಲ್ಲ ಅನ್ನಲಿಲ್ಲ. "ನಿಮ್ಮ ಜಮೀನಿಗೆ ಎರಡು ಲಕ್ಷಕ್ಕಿಂತ ಜಾಸ್ತಿ ಆಗುತ್ತೆ. ತಂದೆಯವರ ಎರಡು ವರ್ಷದ ಬೆಳೆ ಆದಾಯ, ಖರ್ಚು ತೋರಿಸಿ" ಅಂದರು. ಅಪ್ಪ ಹೊರಗೆ ಬಂದ ಮೇಲೆ ಅಂದದ್ದು ಇಷ್ಟೇ: "ಎಲ್ಲಾ ತಲ್ಯಾಗ ಐತಿ. ತಲೀನ ತಂದು ಟೇಬಲ್ ಮ್ಯಾಲೆ ಇಡ್ಲೇನು?"

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ, ಯಾಕೆಂದರೆ ಇದು ಗೊತ್ತಾಗುವಷ್ಟರಲ್ಲಿ ನಮಗೆ ಸಾಕಾಗಿತ್ತು. ಖರ್ಚು ಜಾಸ್ತಿ ಬರೆದರೆ ಸಾಲ ಜಾಸ್ತಿ ಸಿಗುತ್ತೆ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಅದು ಸುಳ್ಳು. ಯಾವ ಬೆಳೆಗೆ ಎಕರೆಗೆ ಎಷ್ಟು ಸಾಲ ಅಂತ ಪ್ರತಿ ವರ್ಷ ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ನಿಗದಿ ಮಾಡುತ್ತದೆ. ಬ್ಯಾಂಕಿನವರು ಅದನ್ನು ಸ್ಕೇಲ್ ಆಫ್ ಫೈನಾನ್ಸ್ ಅನ್ನುತ್ತಾರೆ. ಆ ದರವನ್ನು ನಮ್ಮ ಎಕರೆಯಿಂದ ಗುಣಿಸುತ್ತಾರೆ. ಬಂದ ಮೊತ್ತಕ್ಕೆ ಕೊಯ್ಲಿನ ನಂತರದ ಖರ್ಚು ಮತ್ತು ಮನೆ ಖರ್ಚು ಅಂತ 10 ಶೇಕಡಾ, ಪಂಪ್‌ಸೆಟ್ಟು ಸಲಕರಣೆಗಳ ರಿಪೇರಿಗೆ ಅಂತ 20 ಶೇಕಡಾ ಸೇರಿಸುತ್ತಾರೆ. ವಿಮೆ ಮಾಡಿಸಿದರೆ ಅದರ ಕಂತು ಬೇರೆ. ಇದರಲ್ಲಿ ನಮ್ಮ ಪುಸ್ತಕದ ಖರ್ಚಿಗೆ ಜಾಗವೇ ಇಲ್ಲ.

ಹಾಗಾದರೆ ಪುಸ್ತಕ ಯಾಕೆ? ಕೊಟ್ಟ ದುಡ್ಡು ವಾಪಸ್ ಬರುತ್ತಾ, ಯಾವ ತಿಂಗಳಲ್ಲಿ ಬರುತ್ತಾ ಅಂತ ನೋಡೋಕೆ. ಅದರ ಜೊತೆಗೆ, ಈ ಬೆಳೆ ಈ ಹೊಲದಲ್ಲಿ ನಿಜವಾಗಿ ಬೆಳೆದಿದ್ದಾರಾ ಅನ್ನುವುದಕ್ಕೂ ಆಧಾರ ಬೇಕು. ಪುಸ್ತಕವನ್ನೊಂದೇ ನೋಡಿ ಯಾರೂ ನಂಬುವುದಿಲ್ಲ. ಪಹಣಿ, ಬಿಲ್ಲುಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರಕ್ಕೂ ಅದು ತಾಳೆ ಆದಾಗ ಮಾತ್ರ ನಂಬುತ್ತಾರೆ. ನಮಗೆ ಕಷ್ಟ ಆದದ್ದೆಲ್ಲ ಆ ತಾಳೆ ಮಾಡುವುದರಲ್ಲೇ.

ಹಿಂದಿನ ವರ್ಷದ್ದು, ಅಂದರೆ 2023ರದ್ದು, ಪುಸ್ತಕವೇ ಇರಲಿಲ್ಲ. ಇದ್ದದ್ದು ಗೋಡೆಯ ಕ್ಯಾಲೆಂಡರ್. ಅಪ್ಪ ಎಷ್ಟು ಆಳು ಬಂದರು ಅಂತ ಆ ತಾರೀಕಿನ ಚೌಕದಲ್ಲಿ ಗೀಟು ಹಾಕಿಡುತ್ತಿದ್ದರು. ಹೆಣ್ಣಾಳಿಗೆ ಗೀಟು, ಗಂಡಾಳಿಗೆ ಗುಣಿಸುವ ಚಿಹ್ನೆ. ಟ್ರ್ಯಾಕ್ಟರ್ ಬಂದ ದಿನ 'ಟ್ರಾ'. ಅವ್ವ ಅದರ ಪಕ್ಕದಲ್ಲೇ ಹಾಲಿನ ಲೆಕ್ಕ ಬರೆದಿದ್ದರಿಂದ ಕೆಲವು ತಿಂಗಳು ಯಾವುದು ಆಳು, ಯಾವುದು ಲೀಟರ್ ಅಂತ ಅವರಿಬ್ಬರನ್ನೂ ಕೂರಿಸಿಕೊಂಡು ಬಿಡಿಸಬೇಕಾಯ್ತು. ಮಾಲು ಮಾರಿದ್ದಕ್ಕೆ ದಲಾಲರು ಕೊಟ್ಟ ಪಟ್ಟಿ ಒಂದು ಸಿಕ್ಕಿತು. ಉಳಿದದ್ದು ಪಾಸ್‌ಬುಕ್ಕು ಮತ್ತು ಅಪ್ಪನ ನೆನಪು.

ಇದನ್ನೆಲ್ಲ ಪುಸ್ತಕಕ್ಕೆ ಇಳಿಸುವಾಗ ಪ್ರತಿ ಸಾಲಿನ ಮುಂದೆ ಒಂದು ಅಕ್ಷರ ಹಾಕಿದೆ. ಬಿಲ್ಲು ಇದ್ದದ್ದಕ್ಕೆ 'ಬಿ', ಬ್ಯಾಂಕಿನಲ್ಲಿ ಕಾಣುವುದಕ್ಕೆ 'ಬ್ಯಾ', ಬರೀ ನೆನಪಿನದ್ದಕ್ಕೆ 'ನೆ'. ಮುಂದೆ ಬ್ಯಾಂಕಿನ ಫೀಲ್ಡ್ ಆಫೀಸರ್ ನೋಡಿ ಮೆಚ್ಚಿದ್ದು ಇದೊಂದನ್ನೇ. ಎರಡು ವರ್ಷದ ಲೆಕ್ಕ ಒಂದೇ ಪೆನ್ನಿನಲ್ಲಿ, ಒಂದೇ ದಿನ ಕೂತು ಬರೆದದ್ದು ಅಂತ ಅವರಿಗೆ ನೋಡಿದ ಕೂಡಲೇ ಗೊತ್ತಾಗುತ್ತಂತೆ. ನೆನಪಿನಿಂದ ಬರೆದದ್ದನ್ನು ನೆನಪಿನದ್ದು ಅಂತಲೇ ಹೇಳಿಬಿಟ್ಟರೆ ಅವರಿಗೂ ತಕರಾರಿಲ್ಲ.

2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು, ನಮ್ಮದೂ ಅದರಲ್ಲಿತ್ತು. ನಾಲ್ಕು ಎಕರೆಗೆ ಬಂದದ್ದು 22 ಕ್ವಿಂಟಲ್. ಖರ್ಚು 58 ಸಾವಿರ, ಮಾರಿದ್ದು 44 ಸಾವಿರಕ್ಕೆ. ಅಂದರೆ 14 ಸಾವಿರ ಲುಕ್ಸಾನು. ಅಪ್ಪನಿಗೆ ಇದನ್ನು ಬರೆಯೋಕೆ ಮನಸ್ಸೇ ಇರಲಿಲ್ಲ. "ಲುಕ್ಸಾನ್ ತೋರ್ಸಿದ್ರ ಯಾವ ಬ್ಯಾಂಕಿನಾಂವ ಸಾಲ ಕೊಡ್ತಾನವ್ವ? ಎಪ್ಪತ್ತು ಕ್ವಿಂಟಲ್ ಅಂತ ಬರಿ" ಅಂದರು. ನಾನು ಒಪ್ಪಲಿಲ್ಲ. ಎಪ್ಪತ್ತು ಕ್ವಿಂಟಲ್ ಮಾರಿದ ದುಡ್ಡು ಸ್ಟೇಟ್‌ಮೆಂಟ್‌ನಲ್ಲಿ ಎಲ್ಲಿಂದ ತೋರಿಸೋದು? ಬೇಕಂತ ಎರಡು ದಿನ ಮಾತು ಬಿಟ್ಟರು. ಆಮೇಲೆ ಮ್ಯಾನೇಜರ್ ಹೇಳಿದ್ದು: ಆ ವರ್ಷ ಈ ಭಾಗದಲ್ಲಿ ಯಾರಾದರೂ ಪೂರ್ತಿ ಬೆಳೆ ತೋರಿಸಿದರೆ ಅವರ ಉಳಿದ ಪುಟಗಳ ಮೇಲೂ ಅನುಮಾನ ಬರುತ್ತದೆ. ಬರ ಪರಿಹಾರ ಖಾತೆಗೆ ಜಮಾ ಆಗಿದ್ದದ್ದೂ ನಮ್ಮ ಲುಕ್ಸಾನಿಗೆ ಸಾಕ್ಷಿಯಾಯ್ತು.

ಇಲ್ಲೇ ಒಂದು ಮಾತು. ಬರ ಪರಿಹಾರ, ಬೆಳೆ ವಿಮೆ, ಪಿಎಂ ಕಿಸಾನ್ ದುಡ್ಡು ಇವನ್ನು ಬೆಳೆ ಮಾರಿದ ಆದಾಯದ ಜೊತೆ ಕೂಡಿಸಬೇಡಿ. ಪುಸ್ತಕದ ಕೊನೆಯಲ್ಲಿ ಬೇರೆ ಪುಟ ಮಾಡಿ. ಬ್ಯಾಂಕಿನವರು ನೋಡುವುದು ಹೊಲದಿಂದ ಎಷ್ಟು ಬಂತು ಅನ್ನುವುದನ್ನು.

2024ರ ಮುಂಗಾರಿನಿಂದ ಲೆಕ್ಕವನ್ನು ಆಗಿಂದಾಗಲೇ ಬರೆದೆ. ಇನ್ನೂರು ಪುಟದ ಉದ್ದ ನೋಟ್‌ಬುಕ್ ತಂದೆ. ಅರ್ಧ ಗೋವಿನಜೋಳಕ್ಕೆ, ಅರ್ಧ ಮೆಣಸಿನಕಾಯಿಗೆ. ಮೊದಲ ಪುಟದಲ್ಲಿ ಸರ್ವೆ ನಂಬರ್, ಎಕರೆ ಗುಂಟೆ, ಬಿತ್ತಿದ ತಾರೀಕು. ಬೆಳೆ ಪ್ರಕಾರ ಪುಸ್ತಕ ಒಡೆಯುವುದು ಸುಮ್ನೆ ಅಂದಕ್ಕಲ್ಲ. ಮೆಣಸಿನಕಾಯಿಗೆ ಜುಲೈನಲ್ಲಿ ಖರ್ಚು ಶುರುವಾದರೆ ಬಿಡಿಸಿ, ಒಣಗಿಸಿ, ಬ್ಯಾಡಗಿ ಮಾರ್ಕೆಟ್ಟಿಗೆ ಹಾಕುವುದು ಫೆಬ್ರವರಿ, ಮಾರ್ಚ್. ಕೆಲವು ಚೀಲ ಏಪ್ರಿಲ್ ದಾಟುತ್ತದೆ. ಮಾರ್ಚ್ 31ಕ್ಕೆ ಗೆರೆ ಎಳೆದು ಕೂಡಿಸಿದರೆ ಒಂದು ವರ್ಷ ಬರೀ ಖರ್ಚು, ಇನ್ನೊಂದು ವರ್ಷ ಬರೀ ಲಾಭ ಕಾಣುತ್ತದೆ. ಬೆಳೆ ಮುಗಿದಾಗ ಲೆಕ್ಕ ಮುಗಿಸಬೇಕು. ನಮ್ಮ ನಾಲ್ಕು ಕ್ವಿಂಟಲ್ ಮೆಣಸಿನಕಾಯಿ ರೇಟು ಬರಲಿ ಅಂತ ಕೋಲ್ಡ್ ಸ್ಟೋರೇಜಿನಲ್ಲಿತ್ತು. ಅದನ್ನು ಆದಾಯಕ್ಕೆ ಹಾಕಲಿಲ್ಲ. 'ಮಾರದೆ ಉಳಿದ ಮಾಲು' ಅಂತ ಕೆಳಗೆ ಬರೆದು ಸ್ಟೋರೇಜಿನ ರಸೀದಿ ಜೋಡಿಸಿದೆ.

ಬಿಲ್ಲುಗಳದ್ದು ಬೇರೆಯೇ ಗೋಳು. ಗೊಬ್ಬರದ ಅಂಗಡಿಯಲ್ಲಿ ಆಧಾರ್‌ಗೆ ಹೆಬ್ಬೆಟ್ಟು ಒತ್ತಿದ ಮೇಲೆ ಆ ಸಣ್ಣ ಮಶೀನಿನಿಂದ ಬಿಲ್ಲು ಬರುತ್ತಲ್ಲ, ಅದರ ಅಕ್ಷರ ಉಳಿಯುವುದಿಲ್ಲ. ಜೂನ್‌ನಲ್ಲಿ ತಂದ ಡಿಎಪಿ ಬಿಲ್ಲು ದಸರಾ ಹೊತ್ತಿಗೆ ಬೂದು ಬಣ್ಣದ ಖಾಲಿ ಚೀಟಿ. ಬೆಳಕಿಗೆ ಹಿಡಿದರೆ ಅಂಗಡಿ ಹೆಸರಿನ ಅರ್ಧ ಕಾಣುತ್ತಿತ್ತು ಅಷ್ಟೇ. ಪುಣ್ಯಕ್ಕೆ ತಂದ ದಿನವೇ ಫೋನಿನಲ್ಲಿ ಫೋಟೋ ತೆಗೆದಿದ್ದೆ. ನೀವು ಜೆರಾಕ್ಸ್ ಮಾಡಿಸಿ ಪುಸ್ತಕಕ್ಕೆ ಅಂಟಿಸಿದರೆ ಇನ್ನೂ ಒಳ್ಳೆಯದು. ಎರಡನೆಯ ತೊಂದರೆ ಹೆಸರಿನದ್ದು. ಯೂರಿಯಾ ತರೋಕೆ ಒಮ್ಮೆ ಅಪ್ಪನ ಬದಲು ಚಿಕ್ಕಪ್ಪ ಹೋಗಿದ್ದರು. ಹೆಬ್ಬೆಟ್ಟು ಅವರದ್ದು, ಬಿಲ್ಲೂ ಅವರ ಹೆಸರಿಗೆ. 45 ಕೆಜಿ ಚೀಲಕ್ಕೆ 266 ರೂಪಾಯಿ 50 ಪೈಸೆ, ದೊಡ್ಡ ಮೊತ್ತವೇನಲ್ಲ. ಅದಕ್ಕೆ ಫೀಲ್ಡ್ ಆಫೀಸರ್ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಮಾರಿದ ಪಟ್ಟಿಯಲ್ಲಿ ಬೇರೆ ಹೆಸರಿದ್ದರೆ ಬಿಡುವುದಿಲ್ಲ. ಅಣ್ಣ ತಮ್ಮಂದಿರ ಮಾಲು ಒಂದೇ ಗಾಡಿಯಲ್ಲಿ ಹೋದರೂ ಮಾರ್ಕೆಟ್ಟಿನಲ್ಲಿ ಲಾಟು ಬೇರೆ ಬೇರೆ ಹಾಕಿಸಿ, ಅವರವರ ಹೆಸರಿನಲ್ಲಿ ಪಟ್ಟಿ ತಗೊಳ್ಳಿ.

ಕೂಲಿಗೆ ಯಾರೂ ಬಿಲ್ಲು ಕೊಡುವುದಿಲ್ಲ. ನಾನು ಕೂಲಿ ಪುಟದಲ್ಲಿ ತಾರೀಕು, ಕೆಲಸ, ಎಷ್ಟು ಆಳು, ಆಳಿಗೆ ಎಷ್ಟು, ಒಟ್ಟು ಎಷ್ಟು ಅಂತ ಬರೆದು ಆಳುಗಳನ್ನು ಕರೆತಂದ ಮುಖಂಡಿಯ ಸಹಿ ಹಾಕಿಸುತ್ತಿದ್ದೆ. ಬ್ಯಾಂಕಿಗೆ ಅಷ್ಟು ಸಾಕಾಯ್ತು. ನಮ್ಮಲ್ಲಿ ಮುಯ್ಯಿ ಆಳು ಕೂಡ ಉಂಟು. ಇವತ್ತು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ದುಡ್ಡು ಕೈ ಬದಲಾಗುವುದಿಲ್ಲ. ಇದನ್ನೂ, ಅಪ್ಪ ಅವ್ವ ದುಡಿದ ದಿನಗಳನ್ನೂ ಬೇರೆ ಕಾಲಮ್ಮಿನಲ್ಲಿ ಬರೆದೆ, ದುಡ್ಡಿನ ಖರ್ಚಿಗೆ ಕೂಡಿಸಲಿಲ್ಲ. ಕೂಡಿಸಿದರೆ ಖರ್ಚು ಜಾಸ್ತಿ ಆಗಿ ಉಳಿತಾಯ ಕಮ್ಮಿ ಕಾಣುತ್ತದೆ. ಸಾಲ ತೀರಿಸೋಕೆ ಬರುವುದು ಕೈಯಲ್ಲಿ ಉಳಿದ ದುಡ್ಡು ತಾನೇ. ಹೊಲದಿಂದ ನಿಜವಾಗಿ ಗಿಟ್ಟಿತಾ ಅಂತ ನಮಗೆ ನಾವೇ ನೋಡಿಕೊಳ್ಳುವಾಗ ಮಾತ್ರ ಆ ಕಾಲಮ್ಮೂ ಬೇಕು.

ಇನ್ನು ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದ ವಿಷಯಕ್ಕೆ ಬರುತ್ತೇನೆ. ಮಾರಿದ್ದು ಒಂದು, ಖಾತೆಗೆ ಬಂದದ್ದು ಇನ್ನೊಂದು.

2024ರಲ್ಲಿ ಮಳೆ ಚೆನ್ನಾಗಿತ್ತು. ನಾಲ್ಕು ಎಕರೆಗೆ 84 ಕ್ವಿಂಟಲ್ ಗೋವಿನಜೋಳ ಬಂತು. ಕ್ವಿಂಟಲ್‌ಗೆ 2,150ರಂತೆ 1,80,600 ರೂಪಾಯಿ. ಆದರೆ ಖಾತೆಗೆ ಜಮಾ ಆಗಿದ್ದು 1,31,600. ನಡುವಿನ 49 ಸಾವಿರ ಎಲ್ಲಿ ಹೋಯ್ತು ಅಂತ ಮ್ಯಾನೇಜರ್ ಕೇಳಿಯೇ ಕೇಳುತ್ತಾರೆ. ಹೋದದ್ದು ಹೀಗೆ. ಲಾರಿ ಬಾಡಿಗೆ, ಹಮಾಲಿ ಎಲ್ಲ ಸೇರಿ 5,000. ಜೂನ್‌ನಲ್ಲಿ ತಂದಿದ್ದ ಮುಂಗಡ 40,000. ಅದಕ್ಕೆ ಐದು ತಿಂಗಳ ಬಡ್ಡಿ 4,000.

ಈಗ ಖರ್ಚಿನ ಪುಟ ನೋಡಿ. ಉಳುಮೆ, ಬೀಜ, ಗೊಬ್ಬರ, ಲದ್ದಿ ಹುಳುವಿಗೆ ಹೊಡೆದ ಔಷಧಿ, ಕಳೆ, ತೆನೆ ಮುರಿದದ್ದು, ಮಶೀನಿಗೆ ಹಾಕಿಸಿದ್ದು, ಬಾಡಿಗೆ ಮತ್ತು ಹಮಾಲಿ ಎಲ್ಲ ಸೇರಿ 68,952 ರೂಪಾಯಿ. ನಮ್ಮ ಊರಿನಲ್ಲಿ ಲೆಕ್ಕ ಬರೆದಿಟ್ಟ ಇನ್ನಿಬ್ಬರ ಪುಸ್ತಕ ಆಮೇಲೆ ನೋಡಿದೆ. ಇಬ್ಬರೂ ದಲಾಲರು ಮುರಿದುಕೊಂಡ ಪೂರ್ತಿ ಮೊತ್ತವನ್ನು ಖರ್ಚಿಗೆ ಹಾಕಿದ್ದರು. ಅದು ಸರಿಯಲ್ಲ. ಮುಂಗಡದ 40 ಸಾವಿರದಲ್ಲಿ ನಾವು ತಂದದ್ದೇ ಬೀಜ, ಗೊಬ್ಬರ. ಅವು ಆಗಲೇ ಖರ್ಚಿನಲ್ಲಿ ಇವೆ. ಅದೇ ದುಡ್ಡನ್ನು ವಾಪಸ್ ಕೊಟ್ಟಾಗ ಇನ್ನೊಮ್ಮೆ ಖರ್ಚು ಅಂತ ಬರೆದರೆ ಒಂದೇ ಗೊಬ್ಬರಕ್ಕೆ ಎರಡು ಸಲ ದುಡ್ಡು ಕೊಟ್ಟ ಹಾಗಾಗುತ್ತದೆ. ಖರ್ಚಿಗೆ ಹೊಸದಾಗಿ ಸೇರುವುದು ಬಡ್ಡಿಯ 4,000 ಮಾತ್ರ. ಹಾಗಾಗಿ ಒಟ್ಟು ಖರ್ಚು 72,952. ಉಳಿದದ್ದು 1,07,648 ರೂಪಾಯಿ. ಇಡೀ 44 ಸಾವಿರ ಕಳೆದಿದ್ದರೆ 67,648 ಮಾತ್ರ ಉಳಿದ ಹಾಗೆ ಕಾಣುತ್ತಿತ್ತು. ತೀರಿಸುವ ಶಕ್ತಿ ನೋಡುವವರ ಮುಂದೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಇದಕ್ಕಾಗಿ ಪುಸ್ತಕದಲ್ಲಿ 'ಕೊಡುವ ತಗೊಳ್ಳುವ' ಅಂತ ಒಂದು ಪುಟ ಬೇರೆಯೇ ಮಾಡಿದೆ. ಮುಂಗಡ ತಂದದ್ದು, ಕೈಗಡ, ಸೊಸೈಟಿ ಸಾಲ ಎಲ್ಲ ಅಲ್ಲಿ. ಅಸಲು ಆ ಪುಟದಲ್ಲೇ ಹುಟ್ಟಿ ಅಲ್ಲೇ ತೀರುತ್ತದೆ. ಬಡ್ಡಿ ಮಾತ್ರ ಖರ್ಚಿನ ಪುಟಕ್ಕೆ ಬರುತ್ತದೆ.

ಪಟ್ಟಿ ತಗೊಳ್ಳುವಾಗಲೂ ಎಚ್ಚರ ಇರಲಿ. ಅಂಗಡಿಯವರು ಮೊದಲು ಕೊಟ್ಟದ್ದು ಬಿಳಿ ಚೀಟಿ. ಅಂಗಡಿ ಹೆಸರಿಲ್ಲ, ನಂಬರಿಲ್ಲ, ಬರೀ ಚೀಲದ ಲೆಕ್ಕ ಮತ್ತು ಕೊನೆಯ ಮೊತ್ತ. ಅದರಲ್ಲಿ ದಲಾಲಿ ಅಂತ ಒಂದಷ್ಟು ಮುರಿದೂ ಇದ್ದರು. ನಮ್ಮ ರಾಜ್ಯದ ಎಪಿಎಂಸಿ ನಿಯಮದಲ್ಲಿ ದಲಾಲಿಯನ್ನು ಖರೀದಿದಾರರಿಂದ ತಗೋಬೇಕು, ಮಾಲು ತಂದ ರೈತರಿಂದಲ್ಲ. ಅಪ್ಪನಿಗೆ ವರ್ಷಗಳ ಸಂಬಂಧ ಕೆಡುತ್ತೆ ಅಂತ ಅಳುಕು. ನಾನೇ ಕೇಳಿದೆ, ಜಗಳ ಮಾಡಲಿಲ್ಲ, ಬ್ಯಾಂಕಿಗೆ ಬೇಕು ಅಂದೆ ಅಷ್ಟೇ. ಲಾಟ್ ನಂಬರ್, ತೂಕ, ದರ, ಅಪ್ಪನ ಹೆಸರು ಇರುವ ಅಚ್ಚಾದ ಪಟ್ಟಿ ಬಂತು. ಅದರಲ್ಲಿ ದಲಾಲಿ ಮುರಿದಿರಲಿಲ್ಲ! ಮುಂಗಡ, ಬಡ್ಡಿ ಮಾತ್ರ ಅಚ್ಚಿನ ಪಟ್ಟಿಯಲ್ಲಿ ಬರುವುದಿಲ್ಲ. ಅದನ್ನು ಬೇರೆ ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಂಡೆ. ಈ ಕಾಗದ ಇಲ್ಲದಿದ್ದರೆ 44 ಸಾವಿರಕ್ಕೆ ಉತ್ತರ ಕೊಡೋಕೆ ಆಗುತ್ತಿರಲಿಲ್ಲ.

2025ರ ಏಪ್ರಿಲ್‌ನಲ್ಲಿ ಎಲ್ಲ ಜೋಡಿಸಿಕೊಂಡು ಅರ್ಜಿ ಹಾಕಿದೆವು. ಆಧಾರ್, ಪ್ಯಾನ್, ಪಹಣಿ, ಮ್ಯುಟೇಶನ್ ಪ್ರತಿ, ಸರ್ಕಾರದ ರೈತರ ನೋಂದಣಿಯ ಫ್ರೂಟ್ಸ್ ಐಡಿ. ಫ್ರೂಟ್ಸ್ ಐಡಿಯಲ್ಲಿ ಎರಡೂ ಸರ್ವೆ ನಂಬರ್ ಸೇರಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ನೋಡಿಕೊಳ್ಳಿ. ನಮ್ಮದರಲ್ಲಿ ಸೇರಿತ್ತು. ಲೆಕ್ಕದ ಪುಸ್ತಕವನ್ನು ಹಾಗೇ ಕೊಡಲಿಲ್ಲ. ಬೆಳೆಗೊಂದು ಹಾಳೆಯಂತೆ ಸಾರಾಂಶ ಬರೆದು, ಅಪ್ಪನ ಸಹಿ ಹಾಕಿಸಿ, ಹಿಂದೆ ಪಟ್ಟಿ ಮತ್ತು ಬಿಲ್ಲುಗಳ ಜೆರಾಕ್ಸ್ ಪಿನ್ ಮಾಡಿದೆ. ಮೂಲ ಪುಸ್ತಕ ಕೇಳಿದಾಗ ತೋರಿಸೋಕೆ ಕೈಚೀಲದಲ್ಲಿತ್ತು. ಇನ್ನೂರು ಪುಟ ಓದುವಷ್ಟು ಪುರಸೊತ್ತು ಯಾವ ಬ್ಯಾಂಕಿನಲ್ಲೂ ಇಲ್ಲ.

ಮಂಜೂರಾಗುತ್ತೆ ಅಂದುಕೊಂಡಾಗ ಪಹಣಿ ಕೈ ಕೊಟ್ಟಿತು. ಎರಡು ಎಕರೆ ಮೆಣಸಿನಕಾಯಿ ಹೊಲದ ಪಹಣಿಯಲ್ಲಿ ಬೆಳೆ ಗೋವಿನಜೋಳ ಅಂತಿದೆ! ಬೆಳೆ ಸಮೀಕ್ಷೆಗೆ ಬಂದ ಹುಡುಗ ರಸ್ತೆ ಪಕ್ಕದ ಹೊಲ ನೋಡಿ ಎಲ್ಲಕ್ಕೂ ಅದೇ ಬೆಳೆ ಹಾಕಿಕೊಂಡು ಹೋಗಿದ್ದ ಅಂತ ಕಾಣುತ್ತದೆ. ಇದರಿಂದ ಏನಾಗುತ್ತೆ ಅಂತ ದುಂಡು ಸಂಖ್ಯೆಯಲ್ಲಿ ತೋರಿಸುತ್ತೇನೆ, ನಿಜವಾದ ದರ ಜಿಲ್ಲೆಗೆ, ವರ್ಷಕ್ಕೆ ಬದಲಾಗುತ್ತದೆ. ಗೋವಿನಜೋಳಕ್ಕೆ ಎಕರೆಗೆ 30 ಸಾವಿರ, ನೀರಾವರಿ ಮೆಣಸಿನಕಾಯಿಗೆ 50 ಸಾವಿರ ಅಂತ ಇಟ್ಟುಕೊಳ್ಳಿ. ಸರಿಯಾಗಿ ಬರೆದಿದ್ದರೆ ನಾಲ್ಕು ಎಕರೆಗೆ 1.20 ಲಕ್ಷ, ಎರಡು ಎಕರೆಗೆ 1 ಲಕ್ಷ, ಒಟ್ಟು 2.20 ಲಕ್ಷ. ಅದರ ಮೇಲೆ 30 ಶೇಕಡಾ ಸೇರಿ 2.86 ಲಕ್ಷ. ಆರು ಎಕರೆಯೂ ಗೋವಿನಜೋಳ ಅಂದರೆ 1.80 ಲಕ್ಷ, 30 ಶೇಕಡಾ ಸೇರಿ 2.34 ಲಕ್ಷ. ಒಂದು ತಪ್ಪು ನಮೂದಿಗೆ 52 ಸಾವಿರ ಖೋತಾ.

ಸಮೀಕ್ಷೆ ಮುಗಿದ ಹೊಸದರಲ್ಲಿ ಬೆಳೆ ದರ್ಶಕ್ ಆ್ಯಪಿನಲ್ಲಿ ಸರ್ವೆ ನಂಬರ್ ಹಾಕಿ ನೋಡಿ, ಬೆಳೆ ತಪ್ಪಿದ್ದರೆ ಆಕ್ಷೇಪಣೆ ಹಾಕಬಹುದು. ನಮಗೆ ಅದರ ಅವಧಿ ಮುಗಿದೇ ಹೋಗಿತ್ತು. ನೀವು ಮೆಣಸಿನ ಸಸಿ ಹಚ್ಚಿದ ವರ್ಷವೇ, ಹೊಲದಲ್ಲಿ ಬೆಳೆ ನಿಂತಿರುವಾಗಲೇ ನೋಡಿಬಿಡಿ.

ಇಲ್ಲಿ ಪುಸ್ತಕ ಕೈ ಹಿಡಿಯಿತು. ಸಸಿ ತಂದ ನರ್ಸರಿ ಬಿಲ್ಲು, ಬಿಡಿಸಿದ ಕೂಲಿಯ ಪುಟ, ಬ್ಯಾಡಗಿ ಮಾರ್ಕೆಟ್ಟಿನ ಪಟ್ಟಿ, ಕೋಲ್ಡ್ ಸ್ಟೋರೇಜ್ ರಸೀದಿ ಎಲ್ಲದರಲ್ಲೂ ತಾರೀಕು ಒಂದರ ಹಿಂದೆ ಒಂದು ಸರಿಯಾಗಿ ಬರುತ್ತಿತ್ತು. ಅದನ್ನು ತಗೊಂಡು ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ ಹೋದೆವು. ಅವರು ಒಂದೆರಡು ಸಲ ನಾಳೆ ಬನ್ನಿ ಅಂದರು, ಆಮೇಲೆ ಹೊಲಕ್ಕೆ ಬಂದು ನೋಡಿ, ಆ ಹೊಲದಲ್ಲಿ ಮೆಣಸಿನಕಾಯಿ ಬೆಳೆದದ್ದು ನಿಜ ಅಂತ ಬರೆದುಕೊಟ್ಟರು. ಬ್ಯಾಂಕಿನ ಫೀಲ್ಡ್ ಆಫೀಸರ್ ಕೂಡ ಬಂದರು. ಒಣಗಿದ ಮೆಣಸಿನ ಗಿಡ ಇನ್ನೂ ಸಾಲಿನಲ್ಲೇ ನಿಂತಿದ್ದವು, ಅಪ್ಪನನ್ನು ನಡುವೆ ನಿಲ್ಲಿಸಿ ಫೋಟೋ ಹೊಡೆದುಕೊಂಡರು. ಅಪ್ಪ ಹರಗಬೇಕು ಅಂತ ಟ್ರ್ಯಾಕ್ಟರ್‌ಗೆ ಹೇಳಿಟ್ಟಿದ್ದರು, ನಾನೇ ತಡೆದಿದ್ದೆ.

ಎರಡನೆಯ ಕಾಟ ಪಹಣಿಯ 11ನೇ ಕಾಲಮ್ಮಿನದ್ದು. ಅಲ್ಲಿ ಸೊಸೈಟಿ ಸಾಲದ ಋಣ ಇನ್ನೂ ಕೂತಿತ್ತು. ಸಾಲ ಕಟ್ಟಿ ಬೇಬಾಕಿ ಪತ್ರ ತಗೊಂಡರೆ ಮುಗಿಯಿತು ಅಂತ ಅಪ್ಪ ನಂಬಿದ್ದರು. ಪತ್ರ ಬೇರೆ, ಪಹಣಿಯಿಂದ ಋಣ ತೆಗೆಸುವುದು ಬೇರೆ. ಸಾಲ ಕೊಟ್ಟವರು ಅದನ್ನು ತೆಗೆಯಲು ಕಳಿಸಬೇಕು, ಆಮೇಲೆ ಪಹಣಿಯಲ್ಲಿ ಬದಲಾಗಬೇಕು. ಹಳೆಯ ಋಣ ಇರುವ ಜಮೀನಿನ ಮೇಲೆ ಹೊಸ ಬ್ಯಾಂಕು ಬೆಳೆ ಸಾಲ ಕೊಡುವುದಿಲ್ಲ. ಇದಕ್ಕಾಗಿ ಕಾದದ್ದೇ ಜಾಸ್ತಿ. ಅಷ್ಟರಲ್ಲಿ ಮಳೆ ಬಂತು, ಬಿತ್ತನೆ ಶುರುವಾಯ್ತು, ಅಪ್ಪ ಮತ್ತೆ ದಲಾಲರ ಹತ್ತಿರ 20 ಸಾವಿರ ತಂದರು. ನನಗೆ ಅಳುವೇ ಬಂದಿತ್ತು. ಸಾಲ ಬೇಕಿರುವುದು ಜೂನ್‌ಗೆ ಅಂದರೆ ಈ ಕಾಲಮ್ಮನ್ನು ಫೆಬ್ರವರಿಯಲ್ಲೇ ಖಾಲಿ ಮಾಡಿಸಿಕೊಳ್ಳಿ.

ಖರ್ಚಿನ ಬಗ್ಗೆ ಕೇಳುವವರಿಗೆ: 2025ರ ಜನವರಿ 1ರಿಂದ ಎರಡು ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳುವಂತಿಲ್ಲ ಅಂತ ರಿಸರ್ವ್ ಬ್ಯಾಂಕ್ ಮಾಡಿದೆ, ಮೊದಲು ಅದು 1.60 ಲಕ್ಷ ಇತ್ತು. ನಮ್ಮದು ಎರಡು ದಾಟಿದ್ದರಿಂದ ಜಮೀನು ಆಧಾರ ಕೊಡಬೇಕಾಯ್ತು. ಋಣಭಾರ ಪತ್ರ, ಬ್ಯಾಂಕಿನ ಪ್ಯಾನೆಲ್ ವಕೀಲರ ಅಭಿಪ್ರಾಯ ಬೇಕಾದವು. ವಕೀಲರ ಫೀ, ಕಾಗದ ಪತ್ರ, ಬಸ್ಸು ಎಲ್ಲ ಸೇರಿ ನಮಗೆ ಐದು ಸಾವಿರದ ಆಸುಪಾಸು ಆಯ್ತು. ಎರಡು ಲಕ್ಷದೊಳಗೆ ನಿಮ್ಮ ಕೆಲಸ ಆಗುತ್ತೆ ಅಂದರೆ ಅಷ್ಟಕ್ಕೇ ನಿಲ್ಲಿಸುವುದು ವಾಸಿ ಅಂತ ನನ್ನ ಅನಿಸಿಕೆ. ಅರ್ಧ ಓಡಾಟ ಕಮ್ಮಿಯಾಗುತ್ತದೆ.

ಬಡ್ಡಿ ಮಾತ್ರ ಲಾಭವೇ. ಮೂರು ಲಕ್ಷದವರೆಗಿನ ಬೆಳೆ ಸಾಲಕ್ಕೆ ವರ್ಷಕ್ಕೆ 7 ಶೇಕಡಾ, ಗಡುವಿನೊಳಗೆ ಕಟ್ಟಿದರೆ 3 ಶೇಕಡಾ ರಿಯಾಯಿತಿ, ಅಂದರೆ 4ಕ್ಕೆ ಬೀಳುತ್ತದೆ. ದಲಾಲರ ಆ 40 ಸಾವಿರಕ್ಕೆ ಐದು ತಿಂಗಳಿಗೆ 4,000 ಕೊಟ್ಟೆವಲ್ಲ, ಇಲ್ಲಿ ಅದೇ ಮೊತ್ತಕ್ಕೆ ಅದೇ ಐದು ತಿಂಗಳಿಗೆ 667 ರೂಪಾಯಿ. ಅಪ್ಪನಿಗೆ ನಂಬಿಕೆ ಬರದೆ ಮ್ಯಾನೇಜರ್ ಹತ್ತಿರ ಇನ್ನೊಮ್ಮೆ ಲೆಕ್ಕ ಹಾಕಿಸಿದರು.

ಸಹಿ ಹಾಕುವ ದಿನ ಗಡುವು ಯಾವಾಗ ಇಡೋಣ ಅಂತ ಕೇಳಿದರು. ಹೆಚ್ಚಿನವರು ಇದಕ್ಕೆ ಹೂಂ ಅಂದು ಎದ್ದು ಬರುತ್ತಾರೆ. ಆಮೇಲೆ ಮಾಲು ಮಾರುವ ಮೊದಲೇ ಗಡುವು ಬಂದು, ನಾಲ್ಕು ದಿನದ ಮಟ್ಟಿಗೆ ಯಾರದ್ದೋ ಕೈಗಡ ತಂದು ಕಟ್ಟಿ, ಮತ್ತೆ ತೆಗೆದು ಅವರಿಗೆ ಕೊಡುವುದು ನಮ್ಮ ಕಡೆ ಮಾಮೂಲು. ಆ ನಾಲ್ಕು ದಿನದ ಬಡ್ಡಿ ಕೇಳಿದರೆ ತಲೆ ತಿರುಗುತ್ತದೆ. ನಾನು ಪುಸ್ತಕ ತೆಗೆದು ಗೋವಿನಜೋಳದ ದುಡ್ಡು ನವೆಂಬರ್‌ನಲ್ಲಿ, ಮೆಣಸಿನಕಾಯಿಯದ್ದು ಮಾರ್ಚ್ ಕೊನೆಗೆ ಬಂದ ಸಾಲುಗಳನ್ನು ತೋರಿಸಿದೆ. ಗಡುವು ಏಪ್ರಿಲ್ ಕೊನೆಗೆ ಆಯ್ತು. ಈ ವರ್ಷ ಗೋವಿನಜೋಳದ ದುಡ್ಡು ಬಂದ ತಕ್ಷಣ ಅದೇ ಖಾತೆಗೆ ಹಾಕಿ, ಬೇಕಾದಾಗ ತೆಗೆದುಕೊಳ್ಳುವ ಯೋಚನೆ ಇದೆ. ದುಡ್ಡು ಖಾತೆಯಲ್ಲಿದ್ದಷ್ಟು ದಿನ ಅಷ್ಟಕ್ಕೆ ಬಡ್ಡಿ ಓಡುವುದಿಲ್ಲ, ಮುಂದಿನ ವರ್ಷ ನವೀಕರಣಕ್ಕೆ ಹೋದಾಗ ಸ್ಟೇಟ್‌ಮೆಂಟ್ ತೋರಿಸಿದರೆ ಸಾಕು. ದಲಾಲರ 20 ಸಾವಿರವನ್ನು ಮೊದಲ ಕಂತು ತೆಗೆದ ದಿನವೇ ಬಡ್ಡಿ ಸಮೇತ ಕೊಟ್ಟು, ತೀರಿತು ಅಂತ ಬರೆಸಿಕೊಂಡು ಬಂದೆವು.